ಚಳಿಗಿಂತ ಮೊದಲು ಬೆವರು

ವಿನಿಪೆಗ್‌ನಲ್ಲಿ ಜನವರಿಯ ಮುಂಜಾನೆ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದು ಯಾರಿಗೂ ಸುದ್ದಿಯಲ್ಲ. ಕೆನಡಾದ ನಡುಭಾಗದ ಬಯಲಿನಲ್ಲಿರುವ ಆ ಊರಿನ ಸುತ್ತ ಗಾಳಿಯನ್ನು ತಡೆಯುವ ಬೆಟ್ಟಗಳಿಲ್ಲ. ಮೈನಸ್ 20ರಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ಕೆನಡಾದ ಹವಾಮಾನ ಇಲಾಖೆಯ ಲೆಕ್ಕದ ಪ್ರಕಾರ ಮುಖದ ಚರ್ಮಕ್ಕೆ ಅದು ಮೈನಸ್ 33ರಷ್ಟು ಚಳಿ. ಆ ಚಳಿಗೆ ಒಡ್ಡಿದ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಚಳಿಗಾಲದಲ್ಲೂ ಒಂದು ಸ್ವೆಟರಿನಲ್ಲಿ ಕಾಲ ಹಾಕಬಹುದಾದ ಹಾಸನದಿಂದ ನನ್ನ ಅಕ್ಕನ ಮಗಳು ಅಲ್ಲಿಗೆ ಓದಲು ಹೋದಾಗ, ಮನೆಯವರೆಲ್ಲ ಸೇರಿ ಒಂದು ಸೂಟ್‌ಕೇಸ್ ತುಂಬ ದಪ್ಪ ಬಟ್ಟೆಯನ್ನೇ ಕಟ್ಟಿ ಕಳಿಸಿದ್ದರು. ಮೊದಲ ವಾರದಲ್ಲೇ ಫೋನ್ ಬಂತು.

"ಚಿಕ್ಕಮ್ಮ, ನಾಲ್ಕು ಬಟ್ಟೆ ಒಂದರ ಮೇಲೊಂದು ಹಾಕ್ಕೊಂಡಿದೀನಿ. ಆದ್ರೂ ಬಸ್ ಸ್ಟಾಪಲ್ಲಿ ನಿಂತ್ರೆ ಬೆನ್ನು ಕೊರಿಯತ್ತೆ."

"ಮನೆಯಿಂದ ಬಸ್ ಸ್ಟಾಪಿಗೆ ಹೇಗೆ ಹೋಗ್ತೀಯಮ್ಮ?"

"ಹತ್ತು ನಿಮಿಷದ ದಾರಿ. ಬಸ್ ತಪ್ಪತ್ತೆ ಅಂತ ಹೆಚ್ಚು ಕಮ್ಮಿ ಓಡ್ಕೊಂಡೇ ಹೋಗ್ತೀನಿ."

ನೂಲು, ಬಟ್ಟೆಗಳ ಪರೀಕ್ಷೆಯೇ ನನ್ನ ಉದ್ಯೋಗವಾದ್ದರಿಂದ ಉತ್ತರ ಅಲ್ಲೇ ಸಿಕ್ಕಿತು. ಅವಳ ಮೈಮೇಲೆ ಬಟ್ಟೆ ಕಡಿಮೆಯಾಗಿರಲಿಲ್ಲ. ಒಳಗಿನ ಬಟ್ಟೆ ಒದ್ದೆಯಾಗಿತ್ತು. ಚರ್ಮಕ್ಕೆ ತಾಗಿಕೊಂಡು ಹತ್ತಿಯ ಬನಿಯನ್, ಅದರ ಮೇಲೆ ಊರಿನ ಅಂಗಡಿಯ ಥರ್ಮಲ್, ಆಮೇಲೆ ಸ್ವೆಟರ್, ಕೊನೆಗೆ ಜರ್ಕಿನ್. ಬಿರುಸಾಗಿ ನಡೆದಾಗ ಬೆನ್ನು ಬೆವರಿತು, ಬ್ಯಾಗಿನ ಕೆಳಗಂತೂ ಇನ್ನಷ್ಟು ಬೆವರಿತು. ಆ ಬೆವರನ್ನೆಲ್ಲ ಹತ್ತಿ ಕುಡಿದು ಹಿಡಿದಿಟ್ಟುಕೊಂಡಿತು. ಸ್ಟಾಪಿನಲ್ಲಿ ನಿಂತೊಡನೆ ಮೈಯ ದುಡಿಮೆ ನಿಂತಿತು, ಅದರಿಂದ ಹುಟ್ಟುತ್ತಿದ್ದ ಶಾಖವೂ ಇಳಿಯಿತು. ಜ್ವರ ಬಂದವರ ಹಣೆಗೆ ಹಾಕುವ ಒದ್ದೆ ಬಟ್ಟೆ ಮಾಡುವ ಕೆಲಸವನ್ನೇ ಆ ಬನಿಯನ್ ಅವಳ ಬೆನ್ನಿಗೆ ಮಾಡತೊಡಗಿತು.

ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ. ಶಾಖವನ್ನು ಹುಟ್ಟಿಸುವುದು ಮೈ. ಎಳೆಗಳ ನಡುವೆ ಸಿಕ್ಕಿಬಿದ್ದು ಅಲುಗಾಡದೆ ನಿಂತ ಗಾಳಿ ಆ ಶಾಖ ಹೊರಗೆ ಓಡದಂತೆ ತಡೆಯುತ್ತದೆ. ಆ ಗಾಳಿಯ ಜಾಗಕ್ಕೆ ನೀರು ಬಂದರೆ ಕಥೆಯೇ ಬೇರೆ. ನಿಶ್ಚಲವಾದ ಗಾಳಿಗಿಂತ ನೀರು 20 ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಪದರಗಳನ್ನು ಆರಿಸುವಾಗ ಮೊದಲು ಕೇಳಬೇಕಾದದ್ದು ಎಷ್ಟು ದಪ್ಪ ಎಂದಲ್ಲ, ಮೈಯ ತೇವ ಚರ್ಮದಿಂದ ಹೊರಗಿನ ಗಾಳಿಯವರೆಗೆ ಎಲ್ಲೂ ನಿಲ್ಲದೆ ಹೋಗುತ್ತದೆಯೇ ಎಂದು. ನಡುವೆ ಒಂದೇ ಒಂದು ಬಟ್ಟೆ ತೇವವನ್ನು ಹಿಡಿದಿಟ್ಟುಕೊಂಡರೂ ಉಳಿದವುಗಳ ಕೆಲಸ ಅರ್ಧ ಕೆಡುತ್ತದೆ.

ಆದ್ದರಿಂದ ನಾನು ಅತಿ ಹೆಚ್ಚು ಗಮನ ಕೊಡುವುದು ಚರ್ಮಕ್ಕೆ ತಾಗುವ ಮೊದಲ ಪದರಕ್ಕೆ. ದುಡ್ಡು ಹಾಕುವುದಿದ್ದರೂ ಮೊದಲು ಇದಕ್ಕೇ ಹಾಕಬೇಕು. ಇಲ್ಲಿ ಎರಡು ನೂಲುಗಳು ಚೆನ್ನಾಗಿ ನಡೆಯುತ್ತವೆ: ಮೆರಿನೊ ಉಣ್ಣೆ ಮತ್ತು ಪಾಲಿಯೆಸ್ಟರ್.

ಉಣ್ಣೆ ಎಂದೊಡನೆ ನಮ್ಮವರಿಗೆ ಚುಚ್ಚುವ ಕಂಬಳಿಯ ನೆನಪಾಗುತ್ತದೆ. ನಮ್ಮ ದಖನಿ ಕುರಿಯ ಉಣ್ಣೆಯ ಎಳೆ ದಪ್ಪ. ಸುಮಾರು 30 ಮೈಕ್ರಾನ್ ದಾಟಿದ ಎಳೆಗಳ ತುದಿ ಚರ್ಮವನ್ನು ಒತ್ತಿದಾಗ ಬಾಗುವುದಿಲ್ಲ, ಅದಕ್ಕೇ ಚುಚ್ಚುತ್ತದೆ. ಒಳ ಉಡುಪಿಗೆ ಬಳಸುವ ಮೆರಿನೊ ಎಳೆ 17ರಿಂದ 19 ಮೈಕ್ರಾನ್ ಅಷ್ಟೇ. ಅದು ಬಾಗಿಬಿಡುತ್ತದೆ, ಚರ್ಮಕ್ಕೆ ಗೊತ್ತೇ ಆಗುವುದಿಲ್ಲ. ಗುಣದಲ್ಲಿ ಮಾತ್ರ ಎರಡೂ ಒಂದೇ ಕುಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಆವಿಯ ರೂಪದಲ್ಲೇ ಎಳೆಯ ಒಳಕ್ಕೆ ಎಳೆದುಕೊಳ್ಳಬಲ್ಲದು. ಅಷ್ಟಾದರೂ ಮುಟ್ಟಿದರೆ ಒದ್ದೆ ಎನ್ನಿಸುವುದಿಲ್ಲ. ಎಳೆಯಲ್ಲಿ ಹುಟ್ಟಿನಿಂದಲೇ ಇರುವ ಸುರುಳಿ ನೆನೆದಾಗಲೂ ಪೂರ್ತಿ ಚಪ್ಪಟೆಯಾಗದ್ದರಿಂದ ಒಳಗಿನ ಗಾಳಿ ಉಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ನಾಟಿ ಮಾಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಪಾಲಿಯೆಸ್ಟರ್ ಕೆಲಸ ಮಾಡುವ ರೀತಿ ಇದಕ್ಕೆ ತದ್ವಿರುದ್ಧ. ಅದರ ಎಳೆಯೊಳಗೆ ನೀರು ಹೆಚ್ಚುಕಡಿಮೆ ಇಳಿಯುವುದೇ ಇಲ್ಲ. ಎಳೆಗಳ ನಡುವಿನ ಸಂದಿಯಲ್ಲಿ ಬೆವರು ಹರಿದು, ಬಟ್ಟೆಯ ಹೊರಮೈಯಲ್ಲಿ ಹರಡಿ ಬೇಗ ಆರುತ್ತದೆ. ಅಗ್ಗ, ಬಾಳಿಕೆಯೂ ಚೆನ್ನ. ಆದರೆ ಒಂದೆರಡು ದಿನ ತೊಟ್ಟರೆ ವಾಸನೆ ಹಿಡಿಯುತ್ತದೆ. ಮೆರಿನೊ ಹಾಗಲ್ಲ, ತೊಟ್ಟ ಮೇಲೆ ಗಾಳಿಗೆ ಹಾಕಿದರೆ ಮತ್ತೆ ಹಲವು ಸಲ ತೊಡಬಹುದು. ವಾರಕ್ಕೊಮ್ಮೆ ಬಟ್ಟೆ ಒಗೆಯುವ ವಿದ್ಯಾರ್ಥಿಗೆ ಎರಡು ಮೆರಿನೊ ಒಳಂಗಿ, ಎರಡು ಪಾಲಿಯೆಸ್ಟರಿನವು ಸಾಕು. ಮೆರಿನೊ ಕೊಳ್ಳುವಾಗ ಚೀಟಿಯಲ್ಲಿ 200 ಜಿಎಸ್‌ಎಂ ಆಸುಪಾಸಿನ ತೂಕ ನೋಡಿ. 150ರದ್ದು ವಿನಿಪೆಗ್‌ಗೆ ತೆಳುವಾಯಿತು. 250ರದ್ದು ತೊಟ್ಟರೆ ತರಗತಿಯ ಒಳಗೆ ಸೆಕೆಯಾಗುತ್ತದೆ.

ಇಲ್ಲೊಂದು ಎಚ್ಚರ ಬೇಕು. ನಮ್ಮ ಊರುಗಳಲ್ಲಿ ಥರ್ಮಲ್ ಎಂದು ಮಾರುವ ಎಷ್ಟೋ ಉಡುಪುಗಳು ಹತ್ತಿಯವು, ಇಲ್ಲವೇ ಹತ್ತಿ ಬೆರೆಸಿದವು. ಹಾಸನದ ಚಳಿಗೆ ಅವು ಹಿತ, ಓಡಿ ಬೆವರಿ ಮೈನಸ್ 20ರಲ್ಲಿ ನಿಲ್ಲುವುದಕ್ಕಲ್ಲ. ಚೀಟಿ ಇಲ್ಲದಿದ್ದರೆ ಹೊಲಿಗೆಯ ಒಳಬದಿಯಿಂದ ಒಂದು ನೂಲು ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಬಹುದು. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ, ಬೆಂಕಿಯಿಂದ ತೆಗೆದರೆ ತಾನೇ ಆರುತ್ತದೆ. ಪಾಲಿಯೆಸ್ಟರ್ ಕರಗಿ, ತಣಿದ ಮೇಲೆ ಗಟ್ಟಿ ಮಣಿಯಂತಾಗುತ್ತದೆ. ಬೆರಕೆಯ ನೂಲಾದರೆ ಗುರುತುಗಳೂ ಬೆರೆತೇ ಕಾಣುತ್ತವೆ. ಮೊದಲ ಪದರ ಮೈಗೆ ಅಂಟಿಕೊಂಡಿರಬೇಕು, ಸಡಿಲವಾದರೆ ಬೆವರನ್ನು ಎತ್ತುವುದಿಲ್ಲ. ಅದರ ಒಳಗೆ ಇನ್ನೊಂದು ಹತ್ತಿಯ ಬನಿಯನ್ ಹಾಕುವ ರೂಢಿಯನ್ನೂ ಬಿಡಬೇಕು.

ಎರಡನೆಯ ಪದರ ಗಾಳಿಯನ್ನು ಕೂಡಿಡುವುದಕ್ಕೆ. ಉಣ್ಣೆಯ ಸ್ವೆಟರ್ ಆದೀತು. ಆದರೆ ದಿನಬಳಕೆಗೆ ನಾನು ಫ್ಲೀಸ್ ಅನ್ನೇ ಹೇಳುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಮಾಲ್ಡನ್ ಮಿಲ್ಸ್ 1979ರಲ್ಲಿ ತಂದ ಈ ಪಾಲಿಯೆಸ್ಟರ್ ಬಟ್ಟೆಯ ಮೈಯನ್ನು ಕೆರೆದು ಜುಂಗು ಎಬ್ಬಿಸಿರುತ್ತಾರೆ. ಹಗುರ, ಒಗೆದರೆ ಬೇಗ ಒಣಗುತ್ತದೆ. ಗಾಳಿಯನ್ನು ಮಾತ್ರ ತಡೆಯಲಾರದು; ಹೊರಗಿನ ಪದರವಿಲ್ಲದೆ ಫ್ಲೀಸ್ ತೊಟ್ಟು ಬೀದಿಗಿಳಿದರೆ ಏನೂ ತೊಡದಂತಾಗುತ್ತದೆ. ಮುಂದೆ ಪೂರ್ತಿ ಜಿಪ್ ಇರುವುದನ್ನೇ ಕೊಳ್ಳಿ, ತಲೆಯಿಂದ ಎಳೆದು ಹಾಕುವುದು ಬೇಡ. ಬಸ್ಸು ಹತ್ತಿದೊಡನೆ ಅದನ್ನು ಬಿಚ್ಚಬೇಕಾಗುತ್ತದೆ.

ಹೊರಗಿನ ಪದರದ ವಿಷಯದಲ್ಲಿ ನಮ್ಮವರ ಹಣ ಹೆಚ್ಚಾಗಿ ಪೋಲಾಗುತ್ತದೆ. ಹಿಮ ಎಂದರೆ ನೀರು, ನೀರಿಗೆ ರೇನ್‌ಕೋಟಿನಂಥ ಜಾಕೆಟ್ ಬೇಕು ಎಂದುಕೊಂಡು ಬೆಂಗಳೂರಿನಲ್ಲೇ ದುಬಾರಿಯದೊಂದನ್ನು ಕೊಂಡು ಹೋಗುತ್ತಾರೆ. ಮೈನಸ್ 20ರಲ್ಲಿ ಮಳೆ ಬರುವುದಿಲ್ಲ. ಅಲ್ಲಿನ ಹಿಮ ಒಣ ಪುಡಿ, ಕೊಡವಿದರೆ ಉದುರುತ್ತದೆ. ಗೋರ್‌ಟೆಕ್ಸ್‌ನಂಥ ಪೊರೆಗಳು ನೀರಹನಿಯನ್ನು ತಡೆದು ಆವಿಯನ್ನು ಹೊರಗೆ ಬಿಡುತ್ತವೆ ನಿಜ. ಆದರೆ ಕಡುಚಳಿಯಲ್ಲಿ ಆ ಆವಿ ಪೊರೆಯನ್ನು ದಾಟುವ ಮೊದಲೇ ಅದರ ಒಳಮೈಯಲ್ಲಿ ತಣಿದು ಹನಿಗಟ್ಟುತ್ತದೆ, ಕೆಲವೊಮ್ಮೆ ಮಂಜಾಗಿ ಕೂರುತ್ತದೆ. ಅಲ್ಲಿಗೆ ಬೇಕಾದದ್ದು ಗಾಳಿ ನುಗ್ಗದ ಒತ್ತಾದ ನೇಯ್ಗೆಯ ಹೊದಿಕೆಯೊಳಗೆ ದಪ್ಪ ತುಂಬು ಇರುವ ಪಾರ್ಕಾ. ತೊಡೆ ಮುಚ್ಚುವಷ್ಟು ಉದ್ದ ಇರಲಿ, ತಲೆಗೆ ಆಳವಾದ ಟೊಪ್ಪಿಗೆ ಇರಲಿ. ಟೊಪ್ಪಿಗೆಯ ಅಂಚಿನ ತುಪ್ಪಳ ಅಲಂಕಾರಕ್ಕಲ್ಲ, ಅದು ಮುಖದ ಮುಂದಿನ ಗಾಳಿಯ ಬಿರುಸನ್ನು ಮುರಿಯುತ್ತದೆ.

ಪಾರ್ಕಾದ ತುಂಬು ಬಾತು ಅಥವಾ ಹೆಬ್ಬಾತಿನ ಎದೆಯ ಮೃದು ಪುಕ್ಕವಾದರೆ ಅದನ್ನು ಡೌನ್ ಎನ್ನುತ್ತಾರೆ. ತೂಕಕ್ಕೆ ಹೋಲಿಸಿದರೆ ಅದರಷ್ಟು ಗಾಳಿ ಹಿಡಿಯುವುದು ಬೇರೆ ಇಲ್ಲ. ನೆನೆದರೆ ಮಾತ್ರ ಮುದ್ದೆಯಾಗಿ ಕೆಲಸ ಬಿಡುತ್ತದೆ. ಪಾಲಿಯೆಸ್ಟರ್ ತುಂಬು ಹೆಚ್ಚು ಭಾರ, ಆದರೆ ನೆನೆದರೂ ಸ್ವಲ್ಪ ಉಳಿಯುತ್ತದೆ, ಅಗ್ಗವೂ ಹೌದು. ಪುಕ್ಕ ಮುಟ್ಟಬಾರದು ಎನ್ನುವ ಮನೆಗಳಲ್ಲಿ ಅದನ್ನೇ ಆರಿಸಬಹುದು, ಚಳಿಗೇನೂ ಸೋಲಬೇಕಿಲ್ಲ. ಚೀಟಿಯಲ್ಲಿ 600, 800 ಎಂದು ಬರೆದಿರುವುದು ಪುಕ್ಕ ಎಷ್ಟು ಉಬ್ಬುತ್ತದೆ ಎಂಬುದರ ಅಳತೆ. ಒಳಗೆ ಎಷ್ಟು ಪುಕ್ಕ ತುಂಬಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ. ಹಾಗಾಗಿ 800ರ ತೆಳು ಜಾಕೆಟ್‌ಗಿಂತ 600ರ ದಪ್ಪ ಪಾರ್ಕಾವೇ ಬೆಚ್ಚಗಿರಬಹುದು. ಇದನ್ನು ಅಲ್ಲಿಗೆ ಹೋದ ಮೇಲೆ, ಒಳಗಿನ ಎರಡೂ ಪದರ ತೊಟ್ಟುಕೊಂಡೇ ಹಾಕಿ ನೋಡಿ ಕೊಳ್ಳಬೇಕು. ಬಿಗಿಯಾದರೆ ಫ್ಲೀಸ್ ಒತ್ತಿಹೋಗಿ, ಹಿಡಿದಿಟ್ಟ ಗಾಳಿಯೆಲ್ಲ ಖಾಲಿಯಾಗುತ್ತದೆ.

ಕಾಲಿಗೂ ಇದೇ ನ್ಯಾಯ. ಬರೀ ಜೀನ್ಸ್ ಹತ್ತಿಯದು, ಗಾಳಿಯನ್ನೂ ಬಿಡುತ್ತದೆ. ಒಳಗೆ ಮೆರಿನೊ ಅಥವಾ ಪಾಲಿಯೆಸ್ಟರ್ ಪೈಜಾಮ ಬೇಕೇಬೇಕು. ಬೆಚ್ಚಗಾಗಲೆಂದು ಎರಡು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿ ಮಾಡಿದರೆ ರಕ್ತದ ಓಟ ಕುಗ್ಗಿ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಒಂದು ದಪ್ಪ ಉಣ್ಣೆಯ ಕಾಲುಚೀಲ, ಬೆರಳು ಆಡುವಷ್ಟು ಸಡಿಲವಾದ ಬೂಟು ಸಾಕು. ಕೈಗೆ ಬೆರಳು ಬೇರೆಯಾದ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗಿರುತ್ತದೆ.

ಅಕ್ಕನ ಮಗಳ ಬೆಳಗು ಈಗ ಹೀಗೆ. ಮೈಗಂಟಿದ ಮೆರಿನೊ, ಅದರ ಮೇಲೆ ಫ್ಲೀಸ್, ಪಾರ್ಕಾ. ಹೊರಡುವಾಗ ಫ್ಲೀಸ್‌ನ ಜಿಪ್ ಎದೆಯವರೆಗೆ ತೆರೆದೇ ಇರುತ್ತದೆ. ಮೊದಲ ಐದು ನಿಮಿಷ ಕೊಂಚ ಚಳಿ ಎನ್ನಿಸಬೇಕು. ಮನೆಯ ಬಾಗಿಲಲ್ಲೇ ಹಿತವಾಗಿ ಬೆಚ್ಚಗಿದ್ದರೆ ದಾರಿಯಲ್ಲಿ ಬೆವರುವುದು ಖಂಡಿತ. ಹತ್ತು ನಿಮಿಷ ಮುಂಚೆ ಹೊರಟು ನಿಧಾನವಾಗಿ ನಡೆಯುತ್ತಾಳೆ. ಸ್ಟಾಪಿಗೆ ಬಂದ ತಕ್ಷಣ, ನಡುಕ ಹತ್ತುವ ಮೊದಲೇ, ಜಿಪ್ ಏರಿಸಿ ಟೊಪ್ಪಿಗೆ ಎಳೆದುಕೊಳ್ಳುತ್ತಾಳೆ. ಬಸ್ಸು ಬಂದರೆ ಪಾರ್ಕಾ ತೆರೆಯುತ್ತಾಳೆ, 21 ಡಿಗ್ರಿಯ ತರಗತಿಯಲ್ಲಿ ಪಾರ್ಕಾ, ಫ್ಲೀಸ್ ಎರಡನ್ನೂ ಬಿಚ್ಚುತ್ತಾಳೆ. ಎಲ್ಲ ಸರಿಯಿದೆಯೇ ಎಂದು ತಿಳಿಯಲು ಕೈಯನ್ನು ಕತ್ತಿನ ಹಿಂದಿನಿಂದ ಒಳಕ್ಕೆ ಹಾಕಿ ಬೆನ್ನನ್ನು ಮುಟ್ಟಿ ನೋಡಿದರಾಯಿತು. ಒಣಗಿದ್ದು ಬೆಚ್ಚಗಿದ್ದರೆ ಸರಿ. ತೇವ ಸಿಕ್ಕರೆ ಮಾರನೆಯ ದಿನ ಒಂದು ಪದರ ಕಡಿಮೆ ಮಾಡಬೇಕು ಇಲ್ಲವೇ ನಡಿಗೆ ನಿಧಾನವಾಗಬೇಕು. ಒಣಗಿದ್ದೂ ತಣ್ಣಗಿದ್ದರೆ ಮಾತ್ರ ನಡುವೆ ಇನ್ನೊಂದು ಪದರ ಸೇರಿಸಬೇಕು. ಕೆನ್ನೆ, ಮೂಗು, ಕಿವಿ, ಬೆರಳುಗಳು ಬಿಳಿಚಿಕೊಂಡು ಮರಗಟ್ಟಿದರೆ ಬಟ್ಟೆಯ ಲೆಕ್ಕಾಚಾರ ಬಿಟ್ಟು ಕೂಡಲೇ ಒಳಗೆ ಹೋಗಬೇಕು. ಆ ಜಾಗವನ್ನು ಉಜ್ಜಬಾರದು.

ಮಾರ್ಚ್ ಕೊನೆಯ ಹೊತ್ತಿಗೆ ಉಷ್ಣತೆ ಸೊನ್ನೆಯ ಆಚೀಚೆ ಓಲಾಡತೊಡಗಿದಾಗ ಇದೆಲ್ಲ ಬದಲಾಗುತ್ತದೆ. ಹಗಲು ಹಿಮ ಕರಗಿ ರಸ್ತೆಯಲ್ಲಿ ಕೆಸರು ನೀರು ನಿಲ್ಲುತ್ತದೆ, ಬೀಳುವ ಹಿಮ ಒದ್ದೆಯಾಗಿರುತ್ತದೆ, ನಡುವೆ ಮಳೆಯೂ ಬರುತ್ತದೆ. ಪುಕ್ಕದ ಪಾರ್ಕಾ ಆಗ ನೆನೆಯುತ್ತದೆ, ಸೆಕೆಯೂ ಆಗುತ್ತದೆ. ನೀರು ತಡೆಯುವ ತೆಳು ಪೊರೆಯ ಜಾಕೆಟ್‌ನ ಕಾಲ ಅದು. ಮೆರಿನೊ, ಫ್ಲೀಸ್‌ಗಳ ಮೇಲೆ ಅದನ್ನು ತೊಟ್ಟರೆ ಏಪ್ರಿಲ್ ಕಳೆಯುತ್ತದೆ. ಹಾಗಾಗಿ ಅದನ್ನು ಜನವರಿಯಲ್ಲೇ ಕೊಳ್ಳುವ ಅವಸರ ಬೇಡ, ಮೊದಲ ಎರಡು ತಿಂಗಳ ಹಣ ಒಳಂಗಿಗೂ ಪಾರ್ಕಾಕ್ಕೂ ಬೂಟಿಗೂ ಇರಲಿ.