ಎರಡನೇ ಫೇಸ್‌ಬುಕ್ ಖಾತೆ ಅಳಿಸುವ ಮುನ್ನ

ಹೊಸ ಮೊಬೈಲ್ ಕೊಂಡಾಗ ಎಷ್ಟೋ ಮಂದಿಗೆ ಅಂಗಡಿಯ ಹುಡುಗನೇ ಫೇಸ್‌ಬುಕ್ ಹಾಕಿಕೊಡುತ್ತಾನೆ. ಹಳೆಯ ಪಾಸ್‌ವರ್ಡ್ ಕೇಳುತ್ತಾನೆ, ನೆನಪಿರುವುದಿಲ್ಲ. ‘ಪರವಾಗಿಲ್ಲ ಮೇಡಂ, ಹೊಸದೇ ಮಾಡಿಬಿಡ್ತೀನಿ’ ಎಂದು ಐದು ನಿಮಿಷದಲ್ಲಿ ಇನ್ನೊಂದು ಖಾತೆ ತೆರೆದು ಕೈಗಿಡುತ್ತಾನೆ. ಹಳೆಯ ಖಾತೆ, ಅದರ ಸ್ನೇಹಿತರು, ಹತ್ತು ವರ್ಷದ ಫೋಟೊಗಳು ಎಲ್ಲವೂ ಇದ್ದಲ್ಲೇ ಇರುತ್ತವೆ, ಒಳಹೋಗುವ ದಾರಿ ಮಾತ್ರ ಮರೆತುಹೋಗಿರುತ್ತದೆ. ಫೇಸ್‌ಬುಕ್ ಕಂಪನಿ 2017ರ ಕೊನೆಯಲ್ಲಿ ತನ್ನ ತಿಂಗಳ ಬಳಕೆದಾರರ ಪೈಕಿ ಸುಮಾರು ಶೇ 10ರಷ್ಟು ಖಾತೆಗಳು ಹೀಗೆ ಒಬ್ಬರದೇ ಎರಡನೇ ಖಾತೆಗಳು ಎಂದು ಅಂದಾಜು ಮಾಡಿತ್ತು. ಈ ಪ್ರಮಾಣ ಹೆಚ್ಚಾಗಿರುವ ದೇಶಗಳೆಂದು ಅದು ಹೆಸರಿಸಿದವುಗಳಲ್ಲಿ ಭಾರತವೂ ಇತ್ತು.

ಮುಂದೊಂದು ದಿನ ಮನೆಯ ಮಕ್ಕಳು ಯಾರಾದರೂ ಹಳೆಯ ಖಾತೆಯನ್ನು ಹುಡುಕಿ ತೆರೆದುಕೊಡುತ್ತಾರೆ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಎರಡನ್ನೂ ಸೇರಿಸಿ ಒಂದು ಮಾಡಬಹುದೇ?

ಆಗುವುದಿಲ್ಲ. ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಖಾತೆಗಳನ್ನು ಹೇಗೋ, ಒಬ್ಬರದೇ ಎರಡು ಖಾತೆಗಳನ್ನೂ ಹಾಗೆಯೇ ಫೇಸ್‌ಬುಕ್ ಪ್ರತ್ಯೇಕವಾಗಿಯೇ ಕಾಣುತ್ತದೆ. ವೈಯಕ್ತಿಕ ಖಾತೆಗಳನ್ನು ವಿಲೀನಗೊಳಿಸುವ ಸೌಲಭ್ಯವೇ ಅಲ್ಲಿಲ್ಲ. ಅಂಗಡಿ, ಸಂಘ, ಪತ್ರಿಕೆಗಳ ಹೆಸರಿನಲ್ಲಿರುವ ಪೇಜ್‌ಗಳಿಗೆ ಮಾತ್ರ ಆ ಅವಕಾಶವಿದೆ. ಅದಕ್ಕೂ ಎರಡು ಪೇಜ್‌ಗಳ ಹೆಸರು ಹತ್ತಿರ ಹತ್ತಿರವಾಗಿರಬೇಕು, ಎರಡೂ ಒಂದೇ ಸಂಸ್ಥೆಯದಾಗಿರಬೇಕು. ಪೇಜ್‌ಗಳ ಈ ಸುದ್ದಿ ಕೇಳಿದವರು ತಮ್ಮ ಖಾತೆಗೂ ಅದು ಅನ್ವಯಿಸುತ್ತದೆ ಎಂದುಕೊಳ್ಳುತ್ತಾರೆ. ‘ಎರಡು ಖಾತೆ ಸೇರಿಸಿಕೊಡುತ್ತೇವೆ’ ಎಂದು ಪಾಸ್‌ವರ್ಡ್ ಕೇಳುವ ಜಾಲತಾಣಗಳು, ಹುಡುಕಿದಾಗ ಸಿಗುವ ‘ಕಸ್ಟಮರ್ ಕೇರ್’ ನಂಬರುಗಳು ಕಾದು ಕುಳಿತಿರುವುದು ಇಂಥವರಿಗಾಗಿಯೇ. ಅವು ವಂಚನೆಯ ಜಾಲ. ಅಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇರುವುದು ಒಂದೇ ದಾರಿ. ಬೇಕಾದದ್ದನ್ನು ಕೈಯಾರೆ ಮುಖ್ಯ ಖಾತೆಗೆ ಸಾಗಿಸಿ, ಕೊನೆಯಲ್ಲಿ ಎರಡನೆಯದನ್ನು ಮುಚ್ಚುವುದು. ಇಲ್ಲಿ ಕೆಲಸಕ್ಕಿಂತ ಕೆಲಸದ ಕ್ರಮ ಮುಖ್ಯ. ಅವಸರದಲ್ಲಿ ಮೊದಲೇ ಅಳಿಸಿದವರೇ ಹೆಚ್ಚು ಕಳೆದುಕೊಳ್ಳುವುದು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹಾಸನದ ನಿವೃತ್ತ ಶಿಕ್ಷಕಿಯೊಬ್ಬರಿಗೆ ಹಳೆಯ ಖಾತೆಯಲ್ಲಿ 640 ಸ್ನೇಹಿತರಿದ್ದಾರೆ, ಶಾಲೆಯ ವಾರ್ಷಿಕೋತ್ಸವ, ಮಗಳ ಮದುವೆಯ ಫೋಟೊಗಳಿವೆ ಎಂದುಕೊಳ್ಳಿ. ಎರಡು ವರ್ಷದ ಹಿಂದೆ ಅಂಗಡಿಯಲ್ಲಿ ತೆರೆದ ಖಾತೆಯಲ್ಲಿ 85 ಸ್ನೇಹಿತರು, ಮೊಮ್ಮಗುವಿನ ನಾಮಕರಣದ ಫೋಟೊಗಳು. ಹಳೆಯದನ್ನೇ ಮುಖ್ಯ ಖಾತೆಯಾಗಿ ಉಳಿಸಿಕೊಳ್ಳುವುದು ಅವರ ನಿರ್ಧಾರ.

ಅವರು ಮೊದಲು ನೋಡಬೇಕಾದದ್ದು ಫೋಟೊಗಳನ್ನಲ್ಲ, ಫೋನ್ ನಂಬರನ್ನು. ಹಳೆಯ ಖಾತೆಗೆ ಜೋಡಿಸಿದ್ದ ಸಿಮ್ ಈಗ ಅವರ ಕೈಯಲ್ಲಿಲ್ಲ. ಈಗಿನ ನಂಬರು ಇರುವುದು ಹೊಸ ಖಾತೆಯಲ್ಲಿ. ಹೀಗಿರುವಾಗ ಹೊಸದನ್ನು ಅಳಿಸಿದರೆ, ಮುಂದೆ ಹಳೆಯ ಖಾತೆಯ ಪಾಸ್‌ವರ್ಡ್ ಮತ್ತೆ ಮರೆತಾಗ ಒಟಿಪಿ ಹೋಗುವುದು ಸತ್ತ ನಂಬರಿಗೆ. ಆ ನಂಬರು ಅಷ್ಟರಲ್ಲಿ ಬೇರೆ ಯಾರಿಗೋ ಸಿಕ್ಕಿದ್ದರೆ ಒಟಿಪಿ ಅವರಿಗೇ ತಲುಪುತ್ತದೆ. ಆದ್ದರಿಂದ ಮುಖ್ಯ ಖಾತೆಯೊಳಗೆ ಹೋಗಿ, Settings ಮೂಲಕ Accounts Center ತೆರೆದು, Personal details ವಿಭಾಗದಲ್ಲಿ ಈಗಿನ ನಂಬರು ಮತ್ತು ಒಂದು ಇಮೇಲ್ ಸೇರಿಸಬೇಕು, ಹಳೆಯ ನಂಬರನ್ನು ತೆಗೆಯಬೇಕು. ಈ ನಂಬರು ಬೇರೆ ಖಾತೆಯಲ್ಲಿದೆ ಎಂಬ ತಕರಾರು ಬಂದರೆ, ಎರಡನೇ ಖಾತೆಗೆ ಬೇರೊಂದು ಇಮೇಲ್ ಕೊಟ್ಟು ಅಲ್ಲಿಂದ ನಂಬರು ಬಿಡಿಸಿ ಇಲ್ಲಿಗೆ ತರಬೇಕು. ಆಮೇಲೆ ಮುಖ್ಯ ಖಾತೆಯಿಂದ ಒಮ್ಮೆ ಹೊರಬಂದು, ಹೊಸ ನಂಬರಿನಲ್ಲೇ ಒಳಹೋಗಲು ಬರುತ್ತದೆಯೇ ಎಂದು ನೋಡಿಕೊಂಡರೆ ಅರ್ಧ ಅಪಾಯ ಕಳೆದಂತೆ.

ಇನ್ನೊಂದು ಸಂದೇಹವನ್ನೂ ಇಲ್ಲೇ ಬಗೆಹರಿಸಿಕೊಳ್ಳಬೇಕು. ಒಂದೇ ಖಾತೆಯೊಳಗೆ ಹೆಚ್ಚುವರಿ ಪ್ರೊಫೈಲ್‌ಗಳನ್ನು ತೆರೆಯಲು ಈಗ ಫೇಸ್‌ಬುಕ್ ಬಿಡುತ್ತದೆ. ಎರಡನೆಯದು ನಿಜಕ್ಕೂ ಬೇರೆ ಖಾತೆಯೋ, ಹೀಗೆ ಹುಟ್ಟಿದ ಹೆಚ್ಚುವರಿ ಪ್ರೊಫೈಲೋ? ಅದಕ್ಕೆ ತನ್ನದೇ ಆದ ನಂಬರು ಅಥವಾ ಇಮೇಲ್, ತನ್ನದೇ ಪಾಸ್‌ವರ್ಡ್ ಇದ್ದರೆ ಬೇರೆ ಖಾತೆ. ಒಂದೇ ಲಾಗಿನ್‌ನಲ್ಲಿ ಎರಡೂ ತೆರೆದುಕೊಂಡರೆ ಹೆಚ್ಚುವರಿ ಪ್ರೊಫೈಲ್. ಈ ವ್ಯತ್ಯಾಸ ಗೊತ್ತಿಲ್ಲದೆ ಮುಖ್ಯ ಪ್ರೊಫೈಲನ್ನೇ ಅಳಿಸಿದರೆ ಅದರ ಜತೆಗಿರುವ ಹೆಚ್ಚುವರಿ ಪ್ರೊಫೈಲ್‌ಗಳೂ ಹೋಗುತ್ತವೆ. ಹೆಚ್ಚುವರಿಯದನ್ನು ಅಳಿಸಿದರೆ ಅದೊಂದೇ ಹೋಗುತ್ತದೆ.

ಈಗ ಸ್ನೇಹಿತರ ವಿಷಯ. 85 ಮಂದಿಯಲ್ಲಿ ಬಹಳಷ್ಟು ಜನ ಹಳೆಯ ಖಾತೆಯಲ್ಲೂ ಇರುವವರೇ. ಯಾರು ಎರಡೂ ಕಡೆ ಇದ್ದಾರೆ, ಯಾರು ಇಲ್ಲ ಎಂದು ಒಬ್ಬೊಬ್ಬರನ್ನೇ ಹುಡುಕುತ್ತಾ ಕೂರಬೇಕಿಲ್ಲ. ಮುಖ್ಯ ಖಾತೆಯಿಂದ ಎರಡನೇ ಖಾತೆಗೆ ಸ್ನೇಹದ ಕೋರಿಕೆ ಕಳಿಸಿ, ಅಲ್ಲಿ ಒಪ್ಪಿಕೊಂಡರೆ ಸಾಕು. ಬಳಿಕ ಮುಖ್ಯ ಖಾತೆಯಲ್ಲಿದ್ದುಕೊಂಡು ಎರಡನೆಯದರ ಸ್ನೇಹಿತರ ಪಟ್ಟಿ ತೆರೆದಾಗ, ಇಬ್ಬರಿಗೂ ಸಮಾನ ಸ್ನೇಹಿತರು ಯಾರೆಂದು ಫೇಸ್‌ಬುಕ್ಕೇ ತೋರಿಸುತ್ತದೆ. ಇನ್ನೂ ಸ್ನೇಹಿತರಲ್ಲದವರ ಹೆಸರಿನ ಪಕ್ಕದಲ್ಲಿ Add friend ಗುಂಡಿ ಕಾಣಿಸುತ್ತದೆ. ಶಿಕ್ಷಕಿಯ ಲೆಕ್ಕದಲ್ಲಿ ಹಾಗೆ ಉಳಿದವರು 30 ಮಂದಿ ಎನ್ನಿ. ಡೌನ್‌ಲೋಡ್ ಮಾಡಿಕೊಂಡ ಮಾಹಿತಿಯಲ್ಲೂ ಸ್ನೇಹಿತರ ಪಟ್ಟಿ ಇರುತ್ತದೆ, ಆದರೆ ಅದು ಬರೀ ಹೆಸರು ಮತ್ತು ದಿನಾಂಕ. ಮಂಜುನಾಥ, ಲಕ್ಷ್ಮಿ ಎಂಬ ಹೆಸರಿನ ಸಾವಿರಾರು ಜನರ ನಡುವೆ ಆ ಪಟ್ಟಿಯಿಂದ ಹೆಚ್ಚು ಪ್ರಯೋಜನವಿಲ್ಲ.

ಆ ಮೂವತ್ತು ಮಂದಿಗೆ ಕೋರಿಕೆ ಕಳಿಸುವ ಮುನ್ನ ಎರಡನೇ ಖಾತೆಯ ಗೋಡೆಯ ಮೇಲೆ ನಾಲ್ಕು ಸಾಲು ಬರೆಯಬೇಕು: ಈ ಖಾತೆ ಮುಚ್ಚುತ್ತಿದ್ದೇನೆ, ನನ್ನ ಹಳೆಯ ಖಾತೆಯಿಂದ ಕೋರಿಕೆ ಬರುತ್ತದೆ, ಅನುಮಾನವಿದ್ದರೆ ಫೋನ್ ಮಾಡಿ ಕೇಳಿ. ಇದು ಕೇವಲ ಸೌಜನ್ಯವಲ್ಲ. ಒಬ್ಬರ ಹೆಸರು, ಫೋಟೊ ಕದ್ದು ನಕಲಿ ಖಾತೆ ತೆರೆದು, ‘ಅರ್ಜೆಂಟಾಗಿ ದುಡ್ಡು ಬೇಕಿತ್ತು’ ಎಂದು ಸ್ನೇಹಿತರಿಂದ ಹಣ ಕೀಳುವ ವಂಚನೆ ನಮ್ಮಲ್ಲಿ ಸಾಕಷ್ಟು ನಡೆದಿದೆ. ಅದೇ ಹೆಸರಿನಿಂದ ಇನ್ನೊಂದು ಕೋರಿಕೆ ಬಂದರೆ ಎಚ್ಚರದ ಸ್ನೇಹಿತರು ಅದನ್ನು ನಕಲಿ ಎಂದು ರಿಪೋರ್ಟ್ ಮಾಡುತ್ತಾರೆ, ಮಾಡಬೇಕಾದದ್ದೂ ಅದನ್ನೇ. ಆ ರಿಪೋರ್ಟ್ ಬೀಳುವುದು ಉಳಿಸಿಕೊಳ್ಳಬೇಕಾದ ಮುಖ್ಯ ಖಾತೆಯ ಮೇಲೆ. ಕೋರಿಕೆಗಳನ್ನು ಒಂದೇ ಕೂತಿನಲ್ಲಿ ಕಳಿಸದೆ ದಿನಕ್ಕಷ್ಟು ಎಂದು ಹಂಚಿಕೊಳ್ಳುವುದೂ ಒಳ್ಳೆಯದು. ಒಮ್ಮೆಲೇ ಬಹಳ ಕಳಿಸಿದರೆ ಫೇಸ್‌ಬುಕ್ ಕೆಲ ಕಾಲ ಕೋರಿಕೆ ಕಳಿಸುವುದನ್ನೇ ತಡೆಯುತ್ತದೆ.

ಫೋಟೊಗಳಿಗೆ ಸ್ವಲ್ಪ ಹೆಚ್ಚು ತಾಳ್ಮೆ ಬೇಕು. ಎರಡನೇ ಖಾತೆಯ Accounts Centerನಲ್ಲಿ Your information and permissions ಎಂಬಲ್ಲಿ ಇಡೀ ಖಾತೆಯ ಪ್ರತಿ ಇಳಿಸಿಕೊಳ್ಳುವ ಅವಕಾಶವಿದೆ. ಮನವಿ ಸಲ್ಲಿಸುವಾಗ ಮೂರು ಆಯ್ಕೆಗಳನ್ನು ಗಮನಿಸಬೇಕು. ಅವಧಿ All time ಎಂದಿರಲಿ, ಇಲ್ಲದಿದ್ದರೆ ಹಳೆಯ ಫೋಟೊಗಳು ಬಿಟ್ಟುಹೋಗಬಹುದು. ಚಿತ್ರದ ಗುಣಮಟ್ಟ High ಎಂದಿರಲಿ. ಕಡತದ ರೂಪ HTML ಎಂದೇ ಇರಲಿ. JSON ಎಂಬ ಇನ್ನೊಂದು ರೂಪ ಕಂಪ್ಯೂಟರ್ ಪ್ರೋಗ್ರಾಮುಗಳು ಓದುವುದಕ್ಕೆ. ಅದರಲ್ಲಿ ‘ಕ’ ಅಕ್ಷರ ಹೀಗೆ ಕಾಣುತ್ತದೆ:

```
\u00e0\u00b2\u0095
```

ಕನ್ನಡದಲ್ಲಿ ಬರೆದ ಪ್ರತಿ ಶೀರ್ಷಿಕೆ, ಪ್ರತಿ ಕಾಮೆಂಟು ಹೀಗೆಯೇ ಇರುತ್ತದೆ. HTML ಆದರೆ ಬ್ರೌಸರ್‌ನಲ್ಲಿ ತೆರೆದು ಅಚ್ಚ ಕನ್ನಡದಲ್ಲೇ ಓದಬಹುದು.

ಪ್ರತಿ ಸಿದ್ಧವಾದಾಗ ಸೂಚನೆ ಬರುತ್ತದೆ. ಕೆಲವೇ ದಿನಗಳೊಳಗೆ ಇಳಿಸಿಕೊಳ್ಳಬೇಕು, ಆಮೇಲೆ ಕೊಂಡಿ ಕೆಲಸ ಮಾಡುವುದಿಲ್ಲ. ಇಳಿಸಿದ ಜಿಪ್ ಕಡತವನ್ನು ಬಿಚ್ಚಿ, ನಾಮಕರಣದ ಫೋಟೊಗಳು ನಿಜಕ್ಕೂ ತೆರೆಯುತ್ತವೆಯೇ ಎಂದು ಕಣ್ಣಾರೆ ನೋಡುವ ತನಕ ಎರಡನೇ ಖಾತೆಯನ್ನು ಮುಟ್ಟಬಾರದು. ಸಾಧ್ಯವಾದರೆ ಫೋನಿನ ಗ್ಯಾಲರಿಯಲ್ಲಿರುವ ಮೂಲ ಚಿತ್ರಗಳನ್ನೇ ಮುಖ್ಯ ಖಾತೆಗೆ ಹಾಕುವುದು ಮೇಲು. ಫೇಸ್‌ಬುಕ್ ಚಿತ್ರಗಳನ್ನು ಕುಗ್ಗಿಸಿ ಇಟ್ಟುಕೊಂಡಿರುತ್ತದೆ, ಅಲ್ಲಿಂದ ಹಿಂದಿರುಗುವುದು ಕುಗ್ಗಿದ ಚಿತ್ರವೇ. ಮತ್ತೆ ಹಾಕಿದ ಪೋಸ್ಟಿಗೆ Edit date ಮೂಲಕ ಹಳೆಯ ದಿನಾಂಕ ಕೊಟ್ಟರೆ ಟೈಮ್‌ಲೈನ್‌ನಲ್ಲಿ ಅದು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ.

ಎರಡು ಸಂಗತಿಗಳು ಮಾತ್ರ ಬರುವುದೇ ಇಲ್ಲ. ಫೋಟೊಗಳ ಕೆಳಗಿದ್ದ ಸ್ನೇಹಿತರ ಲೈಕು, ಹಾರೈಕೆಗಳು ಹೊಸ ಜಾಗಕ್ಕೆ ಸಾಗುವುದಿಲ್ಲ. ದೂರವಾದವರು, ತೀರಿಹೋದವರು ಬರೆದ ಸಾಲುಗಳು ಅವುಗಳಲ್ಲಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಉತ್ತಮ. ಇನ್ನು ಬೇರೆಯವರು ತೆಗೆದು ಟ್ಯಾಗ್ ಮಾಡಿದ್ದ ಚಿತ್ರಗಳು. ಅವು ತೆಗೆದವರ ಖಾತೆಯ ಸ್ವತ್ತು, ಆದ್ದರಿಂದ ಇಳಿಸಿದ ಪ್ರತಿಯಲ್ಲಿ ಸಿಗುವುದಿಲ್ಲ. ಅವುಗಳನ್ನು ಒಂದೊಂದಾಗಿ ತೆರೆದು ಉಳಿಸಿಕೊಳ್ಳಬೇಕು, ಇಲ್ಲವೇ ಮುಖ್ಯ ಖಾತೆಯನ್ನು ಟ್ಯಾಗ್ ಮಾಡಿ ಎಂದು ಅವರನ್ನೇ ಕೇಳಬೇಕು.

ಮುಚ್ಚುವ ಹೊತ್ತಿಗೆ ಇನ್ನೂ ಒಂದು ಪರಿಶೀಲನೆ ಬಾಕಿ. ಹಳೆಯ ವಿದ್ಯಾರ್ಥಿಗಳ ಗುಂಪಿಗೋ, ಮಹಿಳಾ ಸಂಘದ ಪೇಜ್‌ಗೋ ಎರಡನೇ ಖಾತೆಯೇ ಅಡ್ಮಿನ್ ಆಗಿದ್ದರೆ ಮೊದಲು ಮುಖ್ಯ ಖಾತೆಯನ್ನು ಅಡ್ಮಿನ್ ಮಾಡಬೇಕು. ಏಕೈಕ ಅಡ್ಮಿನ್‌ನ ಖಾತೆ ಅಳಿಸಿಹೋದರೆ ಪೇಜ್ ಕೂಡ ಅದರೊಂದಿಗೆ ಹೋಗುತ್ತದೆ. ಆ ಖಾತೆಯ ಮೂಲಕವೇ ಲಾಗಿನ್ ಆಗುತ್ತಿದ್ದ ಬೇರೆ ಆ್ಯಪ್‌ಗಳಿದ್ದರೆ, ಅವುಗಳಿಗೂ ಇಮೇಲ್ ಅಥವಾ ನಂಬರು ಕೊಟ್ಟು ಬೇರೆ ದಾರಿ ಮಾಡಿಕೊಳ್ಳಬೇಕು.

ಇಷ್ಟಾದ ಮೇಲೆ ಎರಡನೇ ಖಾತೆಯಲ್ಲಿ Account ownership and control, ಅದರೊಳಗೆ Deactivation or deletion. ಮೊದಲನೆಯದು ತಾತ್ಕಾಲಿಕ, ಯಾವಾಗ ಬೇಕಾದರೂ ಲಾಗಿನ್ ಆಗಿ ಹಿಂದೆ ಪಡೆಯಬಹುದು. ಎರಡನೆಯದು ಶಾಶ್ವತ. ನೇರವಾಗಿ ಅಳಿಸುವುದಕ್ಕಿಂತ ಒಂದೆರಡು ತಿಂಗಳು ತಾತ್ಕಾಲಿಕವಾಗಿ ಮುಚ್ಚಿಟ್ಟು, ಏನಾದರೂ ಬಿಟ್ಟುಹೋಗಿದೆಯೇ ನೋಡಿ, ಆಮೇಲೆ ಅಳಿಸುವುದೇ ಕ್ಷೇಮ. ಒಪ್ಪಿಗೆ ಕೊಡುವ ಮುನ್ನ ತೆರೆಯ ಮೇಲಿರುವ ಹೆಸರು, ಚಿತ್ರ ಎರಡನೇ ಖಾತೆಯದೇ ಹೌದೇ ಎಂದು ನೋಡಬೇಕು. ಎರಡಕ್ಕೂ ಒಂದೇ ಹೆಸರು, ಒಂದೇ ಮುಖವಿರುವಾಗ ತಪ್ಪುವುದು ಇಲ್ಲೇ. ಎರಡರ ಪ್ರೊಫೈಲ್ ಚಿತ್ರವನ್ನು ಮೊದಲೇ ಬೇರೆ ಬೇರೆ ಮಾಡಿಟ್ಟುಕೊಂಡರೆ ಆ ಗೊಂದಲವಿರುವುದಿಲ್ಲ.

ಅಳಿಸಲು ಒಪ್ಪಿದ ಮೇಲೂ 30 ದಿನ ಮನಸ್ಸು ಬದಲಿಸಲು ಅವಕಾಶವಿದೆ, ಆ ಅವಧಿಯಲ್ಲಿ ಲಾಗಿನ್ ಆಗಿ ಅಳಿಸುವಿಕೆಯನ್ನು ರದ್ದುಪಡಿಸಬಹುದು. ಅದಕ್ಕಾಗಿಯೇ ಹಳೆಯ ಫೋನು, ಟ್ಯಾಬ್‌ಗಳಲ್ಲಿ ಉಳಿದಿರುವ ಲಾಗಿನ್‌ಗಳನ್ನು ತೆಗೆದುಹಾಕಬೇಕು. ಸರ್ವರ್‌ಗಳಿಂದ ಎಲ್ಲವೂ ಅಳಿಯಲು 90 ದಿನದವರೆಗೂ ಹಿಡಿಯಬಹುದು. ಮೆಸೆಂಜರ್‌ನಲ್ಲಿ ಬೇರೆಯವರಿಗೆ ಕಳಿಸಿದ ಸಂದೇಶಗಳು ಮಾತ್ರ ಅವರ ಬಳಿ ಉಳಿದೇ ಇರುತ್ತವೆ.

ಎರಡನೇ ಖಾತೆಯ ಪಾಸ್‌ವರ್ಡ್ ಕೂಡ ಮರೆತಿದ್ದರೆ? facebook.com/login/identify ಪುಟದಲ್ಲಿ ನಂಬರು ಅಥವಾ ಇಮೇಲ್ ಕೊಟ್ಟು ಖಾತೆ ಹುಡುಕಿ, ಒಳಹೋಗುವ ಪ್ರಯತ್ನವನ್ನೇ ಮೊದಲು ಮಾಡಬೇಕು. ಹಿಂದೆ ಅದೇ ಖಾತೆ ಬಳಸಿದ್ದ ಫೋನಿನಿಂದಲೇ ಪ್ರಯತ್ನಿಸಿದರೆ ಫಲಿಸುವ ಸಾಧ್ಯತೆ ಹೆಚ್ಚು. ಯಾವುದೂ ಆಗದಿದ್ದರೆ ಆ ಪ್ರೊಫೈಲ್‌ಗೆ ಹೋಗಿ ಮೂರು ಚುಕ್ಕಿಗಳ ಮೆನುವಿನಿಂದ ರಿಪೋರ್ಟ್ ಮಾಡುವುದೊಂದೇ ಉಳಿಯುತ್ತದೆ. ಗುರುತಿನ ದಾಖಲೆ ಕೇಳಿದರೆ ಕೊಡಬೇಕಾಗುತ್ತದೆ, ಖಾತೆ ತೆಗೆಯುತ್ತಾರೆಂಬ ಖಾತರಿಯೂ ಇಲ್ಲ. ರಿಪೋರ್ಟ್ ಮಾಡಲು ನೆಂಟರಿಷ್ಟರ ಸಹಾಯ ಕೇಳುವವರು ‘ನನ್ನ ಹೆಸರು ಹುಡುಕಿ’ ಎನ್ನದೆ, ಆ ಪ್ರೊಫೈಲ್‌ನ ಕೊಂಡಿಯನ್ನೇ ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕು.