ಹಳೇ ಮಾಡಿನ ಮೇಲೆ ಶೀಟೋ, ಹಂಚು ಇಳಿಸೋದೋ?

ಮಳೆಗಾಲ ಮುಗಿದ ಕೂಡಲೇ ಸಂಘದ ಸಭೆಗಳಲ್ಲಿ ಮಾಡಿನ ರಿಪೇರಿಗೆ ಸಾಲ ಕೇಳುವವರು ಹೆಚ್ಚು. ನಮ್ಮ ಕರಾವಳಿಯ ಹಂಚಿನ ಮನೆಗಳಿಗೆ ಈಗ ಸಿಗುವ ಸಲಹೆ ಒಂದೇ: "ಹಂಚು ಅಲ್ಲೇ ಇರ್ಲಿ, ಮೇಲಿಂದ ಪೈಪು ನಿಲ್ಸಿ ಶೀಟು ಹಾಕಿಬಿಡಿ." ಕೆಲವು ಮನೆಗಳಿಗೆ ಇದು ಸರಿ. ಕೆಲವಕ್ಕೆ ಇದು ಸಾಲದ ದುಡ್ಡನ್ನು ಹುಳುಕಿನ ಮೇಲೆ ಸುರಿದ ಹಾಗೆ. ಯಾವುದು ಎಂದು ತಿಳಿಯಲು ಮೊದಲು ಭಾರ ನೋಡಬೇಕು, ಆಮೇಲೆ ಮರ ನೋಡಬೇಕು.

ನಮ್ಮ ಒಬ್ಬ ಸದಸ್ಯೆಯ ಮನೆಯಲ್ಲಿ ನಾವು ಹೀಗೆ ಮಾಡಿದೆವು. ಮನೆಯೊಳಗೆ ನಿಂತು ಮಾಡಿನ ಕೆಳಗಿಂದ 5 ಅಡಿ ಉದ್ದ, 5 ಅಡಿ ಅಗಲದ ಜಾಗದಲ್ಲಿರುವ ಹಂಚು ಎಣಿಸಿದೆವು. 35 ಇತ್ತು. ಅಂದರೆ 100 ಚದರ ಅಡಿಗೆ 140 ಹಂಚು. ಒಂದು ಒಣ ಹಂಚನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ಎರಡೂವರೆ ಕಿಲೋ. ಅದನ್ನೇ ಒಂದು ರಾತ್ರಿ, ಒಂದು ಹಗಲು ಬಕೆಟಿನ ನೀರಲ್ಲಿ ಮುಳುಗಿಸಿಟ್ಟು ತೂಗಿದರೆ 2 ಕಿಲೋ 900 ಗ್ರಾಂ! ಹಂಚು ನೀರು ಕುಡಿಯುತ್ತದೆ, ಹಳೆಯದಾದರೆ ಇನ್ನೂ ಹೆಚ್ಚು. ಹಾಗಾಗಿ 100 ಚದರ ಅಡಿಯ ಹಂಚು ಬೇಸಿಗೆಯಲ್ಲಿ 350 ಕಿಲೋ, ಜುಲೈಯಲ್ಲಿ 400ಕ್ಕೂ ಮೇಲೆ.

ಅರ್ಧ ಮಿಲಿಮೀಟರ್ ದಪ್ಪದ ಬಣ್ಣದ ಶೀಟು, ಅದರ ಪೈಪು ಎಲ್ಲ ಸೇರಿ 100 ಚದರ ಅಡಿಗೆ ಸುಮಾರು 85 ಕಿಲೋ ಎಂದು ಲೆಕ್ಕ ಹಿಡಿದೆವು. ಶೀಟು ಬಂದ ಮೇಲೆ ಹಂಚು ನೆನೆಯುವುದಿಲ್ಲ, 350ರಲ್ಲೇ ನಿಲ್ಲುತ್ತದೆ. ಒಟ್ಟು 435. ಮಾಡು ಪ್ರತಿ ಮಳೆಗಾಲದಲ್ಲಿ ಹೊರುತ್ತಿದ್ದುದಕ್ಕಿಂತ ಬರೇ 30 ಕಿಲೋ ಜಾಸ್ತಿ. ಇಷ್ಟು ನೋಡಿದರೆ ಹೆದರುವಂಥದ್ದೇನಿಲ್ಲ. ಆದರೆ ಈ ಲೆಕ್ಕ ಗಟ್ಟಿ ಮರಕ್ಕೆ ಮಾತ್ರ. ಹಂಚಿನ ಭಾರ ಇಡೀ ಮಾಡಿಗೆ ಹಂಚಿಹೋಗುತ್ತದೆ, ಪೈಪಿನ ಕಂಬದ ಭಾರವೋ ಅದು ನಿಂತ ಜಾಗದ ಮೇಲೇ ಬೀಳುತ್ತದೆ. ಅದರ ಮೇಲೆ ಇಬ್ಬರು ಕೆಲಸದವರು ಒಂದೇ ಕಡೆ ನಿಂತರೆ 120-130 ಕಿಲೋ ಬೇರೆ.

ಮರ ನೋಡಲು ಬೇಕಾದ್ದು ಒಂದು ದಾರ, ಒಂದು ಸ್ಕ್ರೂಡ್ರೈವರ್. ನೆತ್ತಿಯಿಂದ ಗೋಡೆಗೆ ಇಳಿಯುವ ಪ್ರತಿ ಪಕ್ಕಾಸಿನ ಅಡಿಗೆ ತುದಿಯಿಂದ ತುದಿಗೆ ದಾರ ಎಳೆದು ಕಟ್ಟಿ. ಮರ ಜಗ್ಗಿದ್ದರೆ ನಡುವೆ ದಾರವನ್ನು ಕೆಳಕ್ಕೆ ಒತ್ತುತ್ತದೆ. ಆಗ ಎರಡೂ ತುದಿಯಲ್ಲಿ ಒಂದೇ ದಪ್ಪದ ಮರದ ತುಂಡು ಕೊಟ್ಟು, ದಾರವನ್ನು ಇಳಿಸಿ, ನಡುವಿನ ಅಂತರ ಎಷ್ಟು ಕಮ್ಮಿಯಾಯಿತು ಎಂದು ಅಳೆಯಿರಿ. 10 ಅಡಿಯ ಪಕ್ಕಾಸು ಅರ್ಧ ಇಂಚು ಜಗ್ಗಿದ್ದರೆ ಪರವಾಗಿಲ್ಲ. ಒಂದು ಇಂಚು ದಾಟಿದ್ದರೆ ಅದರ ಮೇಲೆ ಏನನ್ನೂ ಹೇರಬೇಡಿ. ಆಮೇಲೆ ಪಕ್ಕಾಸು ಗೋಡೆಯ ಮೇಲೆ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ನೀರು ನಿಲ್ಲುವುದು, ಗೆದ್ದಲು ಹತ್ತುವುದು ಅಲ್ಲೇ. ಮೇಲೆ ಬಣ್ಣ ಬಳಿದಿದ್ದರೆ ಕಣ್ಣಿಗೆ ಏನೂ ಕಾಣದು, ಒಳಗೆ ಹುಡಿಯಾಗಿರುತ್ತದೆ.

ಈ ಮನೆಯಲ್ಲಿ ಎದುರಿನ ಇಳಿಜಾರಿನ 10 ಪಕ್ಕಾಸೂ ಗಟ್ಟಿ. ಅಡುಗೆಮನೆ ಕಡೆಯ 10ರಲ್ಲಿ ಮೂರರ ತುದಿಗೆ ಸ್ಕ್ರೂಡ್ರೈವರ್ ಬೆಣ್ಣೆಗೆ ಹೋದ ಹಾಗೆ ಹೋಯಿತು, ಇನ್ನೊಂದು ಒಂದೂವರೆ ಇಂಚು ಜಗ್ಗಿತ್ತು. ಶೀಟಿನವರು ಕಂಬ ನಿಲ್ಲಿಸಬೇಕೆಂದಿದ್ದದ್ದು ಇವುಗಳ ಮೇಲೆಯೇ! ಸೋರಿಕೆಯ ಕಾರಣವೂ ಆಗ ತಿಳಿಯಿತು. ಪಕ್ಕಾಸು ಜಗ್ಗಿದ್ದರಿಂದ ರೀಪು ಓರೆಯಾಗಿ ಹಂಚಿನ ಕೊಂಡಿಗಳು ಬಿಟ್ಟುಕೊಂಡಿದ್ದವು. ಶೀಟು ಹಾಕಿದ್ದರೆ ಸೋರುವುದು ನಿಲ್ಲುತ್ತಿತ್ತು, ಮರದ ಹಾಳು ನಿಲ್ಲುತ್ತಿರಲಿಲ್ಲ.

ಆದ್ದರಿಂದ ಆ ಒಂದು ಬದಿಯನ್ನು ಮಾತ್ರ ಬಿಚ್ಚುವುದೆಂದು ಅವರು ನಿರ್ಧರಿಸಿದರು. ನಾಲ್ಕು ಪಕ್ಕಾಸು, ಎಲ್ಲ ರೀಪು ಹೊಸದು. 560 ಹಂಚಿನಲ್ಲಿ 60ರಷ್ಟು ಒಡೆದಿದ್ದವು, ಬದಲಿಗೆ ಕೆಡವುತ್ತಿದ್ದ ಒಂದು ಮನೆಯಿಂದ ಹಳೇ ಹಂಚು ತಂದರು. ಸೋರಿಕೆ ನಿಂತಿತು, ಶೀಟಿನ ಸಾಲವೇ ಬೇಡವಾಯಿತು.

ಮರವೆಲ್ಲ ಗಟ್ಟಿಯಿದ್ದು ಶೀಟು ಹಾಕುವವರು ಕಂಬಗಳನ್ನು ಪಕ್ಕಾಸಿನ ಮೇಲಲ್ಲ, ಗೋಡೆಯ ಮೇಲೆ ನಿಲ್ಲಿಸಿ ಕಾಂಕ್ರೀಟಿನಲ್ಲಿ ಕೂರಿಸಲು ಹೇಳಬೇಕು. ಶೀಟಿನ ಅಡಿಗೆ ನುಗ್ಗುವ ಗಾಳಿ ಅದನ್ನು ಎತ್ತಲು ನೋಡುತ್ತದೆ. ಹಂಚು ಪೂರ್ತಿ ಇಳಿಸಿ ಬರೇ ಶೀಟು ಹಾಕುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಷ್ಟು ವರ್ಷ ಮಾಡನ್ನು ಒತ್ತಿ ಹಿಡಿದಿದ್ದ 350 ಕಿಲೋ ಹೋಗಿರುತ್ತದಲ್ಲ! ಆಗ ಮರವನ್ನೂ ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕು.

ಬಿಚ್ಚುವ ದಿನ ಮನೆಯವರು ಯಾರಾದರೂ ಹತ್ತಿರವೇ ಇರಿ. ಇಳಿಸುವ ಕಷ್ಟಕ್ಕೆ ಕೆಲಸದವರು ತೆಗೆದ ಹಂಚನ್ನು ಮಾಡಿನ ಮೇಲೆಯೇ ಒಂದು ಕಡೆ ಅಟ್ಟಿ ಹಾಕುವುದುಂಟು. 100 ಹಂಚಿನ ಅಟ್ಟಿ ಅಂದರೆ 250 ಕಿಲೋ, ಅದೂ ಒಂದೆರಡು ಪಕ್ಕಾಸಿನ ಮೇಲೆ. ಕೈಯಿಂದ ಕೈಗೆ ದಾಟಿಸಿ ಆಗಿಂದಾಗಲೇ ಅಂಗಳಕ್ಕೆ ಇಳಿಸಲು ಹೇಳಿ.