ಮೀಟಿಂಗಿಗೆ ಬಾರದ ನಿರ್ದೇಶಕರಿಗೆ ಒಂದು ಪುಟ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಾಸ್ತಾನಿಗೆ ಕೋಲ್ಡ್ ಸ್ಟೋರೇಜ್ ಕಟ್ಟಲು ಹೊರಟ ಒಂದು ಪ್ರೈವೇಟ್ ಕಂಪನಿ ಇದೆ ಎಂದುಕೊಳ್ಳಿ. ಬೋರ್ಡ್ ಮೀಟಿಂಗಿಗೆ 42 ಸ್ಲೈಡುಗಳು ಬಂದಿವೆ. ಇಬ್ಬರು ನಿರ್ದೇಶಕರು ಅಂದು ಊರಲ್ಲಿರುವುದಿಲ್ಲ. ಅವರಿಗಾಗಿ ಸಾರಾಂಶ ಬರೆಯುವವರು ಮೊದಲು ಓದಬೇಕಾದದ್ದು ಸ್ಲೈಡುಗಳನ್ನಲ್ಲ, ಕೊನೆಗೆ ಲಗತ್ತಿಸಿದ ಕರಡು ನಿರ್ಣಯಗಳನ್ನು. ಮತ ಬೀಳುವುದು ಅವಕ್ಕೆ ಮಾತ್ರ. ಮಾರಾಟದ ಗ್ರಾಫು, ಫೋಟೊಗಳೆಲ್ಲ ಮಾಹಿತಿಗಾಗಿ. ಇಲ್ಲಿ ನಿರ್ಣಯಗಳು ಎರಡೇ: 6 ಕೋಟಿ ರೂಪಾಯಿ ಸಾಲ, ಹಳೆಯ ಗೋದಾಮಿನ ಬಾಡಿಗೆ ಕರಾರಿನ ನವೀಕರಣ.

ಗೋದಾಮಿನ ವಿಷಯ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಬಾಡಿಗೆ ಏರಿಲ್ಲ, ಒಪ್ಪಬಹುದು. ಪುಟದ ಉಳಿದ ಜಾಗವೆಲ್ಲ ಸಾಲಕ್ಕೆ ಸಲ್ಲಬೇಕು.

ಶೇ 85ರಷ್ಟು ಜಾಗ ತುಂಬಿ ವರ್ಷಕ್ಕೆ 1.7 ಕೋಟಿ ಬಾಡಿಗೆ ಬರುತ್ತದೆ ಎನ್ನುತ್ತದೆ ಸ್ಲೈಡು. ಆದರೆ ಅನುಬಂಧದಲ್ಲಿರುವ ವ್ಯಾಪಾರಿಗಳ ಬೇಡಿಕೆ ಪತ್ರಗಳನ್ನು ಕೂಡಿಸಿದರೆ ಶೇ 60 ಮಾತ್ರ, ಅಂದರೆ 1.2 ಕೋಟಿ. ಏಳು ವರ್ಷದ ಸಾಲಕ್ಕೆ ಶೇ 10 ಬಡ್ಡಿಯಾದರೆ, ಮೊದಲ ವರ್ಷ ಅಸಲು, ಬಡ್ಡಿ ಸೇರಿ ಸುಮಾರು 1.45 ಕೋಟಿ ಕಟ್ಟಬೇಕು. ಕರೆಂಟ್ ಬಿಲ್ಲು ಬರುವ ಮೊದಲೇ ಕೊರತೆ! ಸ್ಲೈಡಿನ ಅಂಕಿಯನ್ನೇ ಚಿಕ್ಕದಾಗಿ ಬರೆದು ಕಳಿಸಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಂಕಿಯನ್ನು ಅದರ ಮೂಲದೊಂದಿಗೆ ತಾಳೆ ನೋಡುವುದೇ ಈ ಕೆಲಸದ ತಿರುಳು ಎಂದು ನಾನು ನಂಬುತ್ತೇನೆ.

ಆಗ ಆಯ್ಕೆಗಳು ಸ್ಪಷ್ಟವಾಗುತ್ತವೆ. ಪೂರ್ತಿ ಕಟ್ಟುವುದು, ಈ ವರ್ಷ ಕಟ್ಟದಿರುವುದು, ಇಲ್ಲವೇ 3 ಕೋಟಿಯಲ್ಲಿ ಅರ್ಧ ಕಟ್ಟುವುದು. ಅರ್ಧವನ್ನು ಈಗಿರುವ ಬೇಡಿಕೆಯೇ ತುಂಬಿಸುತ್ತದೆ: ಬಾಡಿಗೆ 1 ಕೋಟಿ, ಮೊದಲ ವರ್ಷದ ಕಂತು ಸುಮಾರು 73 ಲಕ್ಷ. ಶಿಫಾರಸು ಹೀಗಿರಲಿ: "6 ಕೋಟಿಗೆ ಬೇಡ, 3 ಕೋಟಿಗೆ ತಿದ್ದುಪಡಿ ತಂದರೆ ಪರ. ಕರೆಂಟು, ಕೂಲಿ ಉಳಿದ 27 ಲಕ್ಷ ಮೀರಿದರೆ ಮತ್ತೆ ಯೋಚಿಸಬೇಕು." ಆಡಳಿತದವರ ಶಿಫಾರಸು ಬೇರೆಯಿದ್ದರೆ ಅದನ್ನೂ ಅವರ ಹೆಸರಿನಲ್ಲೇ ಪಕ್ಕದಲ್ಲಿ ಬರೆಯಬೇಕು. ಜಮೀನು ಯಾವುದಾದರೂ ನಿರ್ದೇಶಕರಿಗೆ ಸೇರಿದ್ದರೆ ಅದೂ ಪುಟದಲ್ಲಿರಬೇಕು.

ಕೊನೆಯದಾಗಿ, ಮತ ಹಾಕುವುದು ಹೇಗೆ? ಬೋರ್ಡ್ ಮೀಟಿಂಗಿಗೆ ನಿರ್ದೇಶಕರು ತಮ್ಮ ಪರವಾಗಿ ಇನ್ನೊಬ್ಬರನ್ನು ಕಳಿಸುವಂತಿಲ್ಲ. 2013ರ ಕಂಪನಿ ಕಾಯ್ದೆಯ 175ನೇ ಕಲಮಿನಂತೆ ಕೆಲವು ನಿರ್ಣಯಗಳನ್ನು ಸಭೆ ಸೇರದೆ, ಎಲ್ಲ ನಿರ್ದೇಶಕರಿಗೂ ಕಾಗದ ಕಳಿಸಿ ಒಪ್ಪಿಗೆ ಪಡೆಯಬಹುದು. ಗೋದಾಮಿನ ಕರಾರಿಗೆ ಅದು ಸಾಕು. ಸಾಲಕ್ಕೆ ಆಗದು, 179ನೇ ಕಲಮಿನ ಪ್ರಕಾರ ಅದರ ನಿರ್ಣಯ ಸಭೆಯಲ್ಲೇ ಆಗಬೇಕು. ಹಾಗಾಗಿ ಸಾಲದ ವಿಷಯ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನೂ ವಿಡಿಯೊ ಲಿಂಕನ್ನೂ ಪುಟದ ಮೇಲ್ಭಾಗದಲ್ಲೇ ಕೊಡಬೇಕು. ವಿಡಿಯೊ ಮೂಲಕ ಕೂತವರ ಮತ ಎಣಿಕೆಗೆ ಬರುತ್ತದೆ. ಅಧ್ಯಕ್ಷರಿಗೆ ಅಭಿಪ್ರಾಯ ಬರೆದು ಕಳಿಸಿ ಸುಮ್ಮನಾದವರದು ಬರುವುದಿಲ್ಲ.